‘ನಾಳೆ 8ಕ್ಕೆ’: ಒಂದು ಸಂದೇಶದ ಭಾಷಾ ವಿಶ್ಲೇಷಣೆ

ಹಿಂದೂಪುರದ ಹಿರಿಯರಲ್ಲಿ ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತೆಲುಗನ್ನೂ ಆಡುವವರಿದ್ದಾರೆ. ಆಸ್ಪತ್ರೆಗೆ ಹೋದಾಗ ಇದಕ್ಕೆ ಇಂಗ್ಲಿಷ್ ಪದಗಳೂ ಬೆರೆಯುತ್ತವೆ. ಅಂಥವರೊಬ್ಬರ ಮೊಬೈಲಿಗೆ ಹೀಗೊಂದು ಸಂದೇಶ ಬಂದಿತೆಂದು ಭಾವಿಸೋಣ:

‘ನಾಳೆ 8ಕ್ಕೆ ಫಾಸ್ಟಿಂಗ್ ಶುಗರ್ ಟೆಸ್ಟ್ ಇದೆ. 15 ನಿಮಿಷ ಮುಂಚೆ ರಿಪೋರ್ಟ್ ಮಾಡಿ.’

ಇಲ್ಲಿ ತೊಡಕಾಗಿರುವುದು ಇಂಗ್ಲಿಷ್ ಪದಗಳು ಮಾತ್ರವಲ್ಲ. ‘ನಾಳೆ’ ಎಂಬುದು ಅಚ್ಚಗನ್ನಡ. ಆದರೆ ಅದರ ಅರ್ಥ ಓದುವ ದಿನವನ್ನು ಅವಲಂಬಿಸಿದೆ. ಸಂದೇಶವನ್ನು ಮರುದಿನ ತೆರೆದವರಿಗೆ ಪರೀಕ್ಷೆಯ ದಿನವೇ ತಪ್ಪುತ್ತದೆ. ನಾನು ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ ‘ಪರವಾ’ ಎಂಬ ಒಂದೇ ಪದ ಮೊನ್ನೆಗೂ ನಾಡಿದ್ದಿಗೂ ಸಲ್ಲುತ್ತದೆ. ಯಾವುದೆಂಬುದನ್ನು ಕ್ರಿಯಾಪದ ತಿಳಿಸುತ್ತದೆ. ಕಾಲವಾಚಕಗಳು ಎಲ್ಲ ಭಾಷೆಗಳಲ್ಲಿಯೂ ಸಂದರ್ಭವನ್ನು ಬೇಡುತ್ತವೆ. ‘8ಕ್ಕೆ’ ಎಂಬಲ್ಲಿಯೂ ಇದೇ ಕಷ್ಟ. ಚತುರ್ಥಿ ಪ್ರತ್ಯಯವು ತಾರೀಖಿಗೂ ಗಂಟೆಗೂ ಸಮಾನವಾಗಿ ಹತ್ತುತ್ತದೆ.

‘ರಿಪೋರ್ಟ್’ ಎಂದರೆ ಹಿರಿಯರಿಗೆ ಪರೀಕ್ಷೆಯ ಕಾಗದ. ‘ರಿಪೋರ್ಟ್ ಮಾಡಿ’ ಎಂದರೆ ‘ಬಂದು ತಿಳಿಸಿ’ ಎಂಬ ಅರ್ಥ ಅವರಿಗೆ ಹೊಳೆಯದು.

ಎಲ್ಲಕ್ಕಿಂತ ಅಪಾಯಕಾರಿಯಾದುದು ‘ಫಾಸ್ಟಿಂಗ್’. ಅದನ್ನು ‘ಉಪವಾಸ’ವೆಂದು ಕನ್ನಡಿಸಿದರೆ ತೊಂದರೆ ಇನ್ನೂ ಹೆಚ್ಚುತ್ತದೆ. ಅನೇಕ ಮನೆಗಳ ಏಕಾದಶಿ ಉಪವಾಸದಲ್ಲಿ ಹಾಲು, ಹಣ್ಣು ನಿಷಿದ್ಧವಲ್ಲ. ‘ಖಾಲಿ ಹೊಟ್ಟೆ’ ಎಂದರೂ ಬೆಳಗಿನ ಕಾಫಿಯನ್ನು ಲೆಕ್ಕಕ್ಕೆ ಹಿಡಿಯದವರುಂಟು. ಈ ಪರೀಕ್ಷೆಗೆ ಕನಿಷ್ಠ 8 ಗಂಟೆ ನೀರಿನ ಹೊರತು ಏನನ್ನೂ ಸೇವಿಸಬಾರದು. ಹಾಲು ಸಕ್ಕರೆಯ ಕಾಫಿ ಕುಡಿದು ರಕ್ತ ಕೊಟ್ಟರೆ ಸಕ್ಕರೆಯ ಅಂಶ ಇರುವುದಕ್ಕಿಂತ ಹೆಚ್ಚೆಂದು ಕಾಣಬಹುದು. ಅದನ್ನು ನಂಬಿ ಔಷಧದ ಪ್ರಮಾಣವನ್ನು ಹೆಚ್ಚಿಸುವ ಸಂಭವವೂ ಇದೆ.

ಈಗ ಸಂದೇಶವನ್ನು ತಿದ್ದೋಣ:

‘ಜೂನ್ 10, ಬುಧವಾರ ಶುಗರ್ ಟೆಸ್ಟ್ ಇದೆ. ಬೆಳಿಗ್ಗೆ 7:45 ಗಂಟೆಗೆ ಬನ್ನಿ. ಹಿಂದಿನ ದಿನ, ಮಂಗಳವಾರ ರಾತ್ರಿ 10 ಗಂಟೆಯ ಮೇಲೆ ಏನೂ ತಿನ್ನಬೇಡಿ. ಕಾಫಿ, ಟೀ, ಹಾಲು ಕುಡಿಯಬೇಡಿ. ನೀರು ಕುಡಿಯಬಹುದು. ಹಳೆಯ ರಿಪೋರ್ಟ್ ತನ್ನಿ.’

‘ಶುಗರ್’, ‘ಟೆಸ್ಟ್’, ‘ರಿಪೋರ್ಟ್’ ಹಾಗೆಯೇ ಉಳಿದಿರುವುದನ್ನು ಗಮನಿಸಿ. ಅವು ವಸ್ತುಗಳ ಹೆಸರುಗಳು. ಹಿರಿಯರ ಬಾಯಲ್ಲಿ ಈಗಾಗಲೇ ನೆಲೆಸಿವೆ. ‘ಮಧುಮೇಹ ತಪಾಸಣೆ’ ಎಂದರೆ ಬೇರೇನೋ ಎಂದು ಭಾವಿಸಿಯಾರು. ಆದರೆ ಮಾಡಬೇಕಾದ, ಮಾಡಬಾರದ ಕೆಲಸಗಳನ್ನು ಕನ್ನಡ ಕ್ರಿಯಾಪದಗಳೇ ಹೇಳುತ್ತವೆ. ಹದಿನೈದು ನಿಮಿಷ ಕಳೆಯುವ ಲೆಕ್ಕವನ್ನೂ ಓದುವವರಿಗೆ ಬಿಟ್ಟಿಲ್ಲ. ಬೆಳಗಿನ ಮಾತ್ರೆಯ ವಿಷಯವನ್ನು ಮಾತ್ರ ವೈದ್ಯರನ್ನು ಕೇಳಿಯೇ ಸೇರಿಸಬೇಕು; ಬರೆಯುವವರು ಊಹಿಸಬಾರದು.

ಒಂದು ಮಿತಿಯುಂಟು. ಇಲ್ಲಿ ಕನ್ನಡವಾಡುವ ಎಲ್ಲರೂ ಕನ್ನಡ ಲಿಪಿಯನ್ನು ಓದಲಾರರು. ತೆಲುಗು ಶಾಲೆಯಲ್ಲಿ ಓದಿದವರಿಗೆ ಇದನ್ನು ತೆಲುಗು ಲಿಪಿಯಲ್ಲಿ ಬರೆಯಬೇಕು, ಇಲ್ಲವೇ ಫೋನಿನಲ್ಲಿ ಓದಿ ಹೇಳಬೇಕು. ಕೊನೆಗೆ ‘ಅರ್ಥವಾಯಿತೆ?’ ಎಂದು ಕೇಳಬೇಡಿ. ಹೌದೆಂದೇ ಉತ್ತರ ಬರುತ್ತದೆ. ‘ಬುಧವಾರ ಎದ್ದ ಮೇಲೆ ಏನು ಕುಡಿಯುತ್ತೀರಿ, ಅಜ್ಜಿ?’ ಎಂದು ಕೇಳಿ. ‘ಒಂದು ಲೋಟ ಕಾಫಿ’ ಎಂದರೆ ವಾಕ್ಯವನ್ನು ಮತ್ತೆ ತಿದ್ದಬೇಕು.