ಏರಿಳಿಯುವ ಬಡ್ಡಿಗೆ ಸ್ವಾಪ್ ಕಡಿವಾಣ: ಸಹಿ ಹಾಕುವ ಮುನ್ನ ಲೆಕ್ಕ ಹಾಕಿ

2022ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಶೇ 4ರಷ್ಟಿದ್ದ ರೆಪೊ ದರವನ್ನು ಏರಿಸಲು ಶುರು ಮಾಡಿತು. 2023ರ ಫೆಬ್ರುವರಿ ಹೊತ್ತಿಗೆ ಅದು ಶೇ 6.5 ಆಗಿತ್ತು. ಚೆನ್ನೈನ ಅಂಬತ್ತೂರಿನಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದು ‘ರೆಪೊ ದರದ ಮೇಲೆ ಶೇ 3’ ಎಂಬ ಕರಾರಿನಲ್ಲಿ ₹20 ಕೋಟಿ ಸಾಲ ಪಡೆದಿತ್ತು ಎಂದುಕೊಳ್ಳಿ. ಒಂಬತ್ತು ತಿಂಗಳಲ್ಲಿ ಅದರ ವರ್ಷದ ಬಡ್ಡಿ ₹1.40 ಕೋಟಿಯಿಂದ ₹1.90 ಕೋಟಿಗೆ ಏರಿರುತ್ತಿತ್ತು. ಬಿಡಿಭಾಗಗಳ ಬೆಲೆಯನ್ನು ಕೊಳ್ಳುವವರೊಂದಿಗೆ ಮೊದಲೇ ಮಾತನಾಡಿಕೊಂಡಿದ್ದರೆ ಆ ₹50 ಲಕ್ಷ ನೇರವಾಗಿ ಲಾಭದಿಂದಲೇ ಹೋಗುತ್ತದೆ.

ಇದಕ್ಕೆ ಇರುವ ಒಂದು ದಾರಿ ಬಡ್ಡಿ ದರ ಸ್ವಾಪ್. ರಿಸರ್ವ್ ಬ್ಯಾಂಕ್ 1999ರಲ್ಲಿಯೇ ಇದಕ್ಕೆ ಅವಕಾಶ ಕೊಟ್ಟಿದೆ. ಹಳೆಯ ಸಾಲ ಇದ್ದ ಹಾಗೇ ಇರುತ್ತದೆ. ಕಂಪನಿ ಒಂದು ಬ್ಯಾಂಕಿನ ಜೊತೆ ಬೇರೆಯದೇ ಕರಾರು ಮಾಡಿಕೊಂಡು, ತಾನು ಸ್ಥಿರ ಬಡ್ಡಿ ಕೊಡುತ್ತದೆ, ಬ್ಯಾಂಕಿನಿಂದ ಬದಲಾಗುವ ಬಡ್ಡಿ ಪಡೆಯುತ್ತದೆ. ಅಸಲು ಕೈ ಬದಲಾಗುವುದಿಲ್ಲ, ಬಡ್ಡಿಗಳ ವ್ಯತ್ಯಾಸ ಮಾತ್ರ ಪಾವತಿಯಾಗುತ್ತದೆ.

ಹಂತ 1: ಸಾಲದ ಪತ್ರ ತೆರೆದು ನೋಡಿ

ನಿಮ್ಮ ಬಡ್ಡಿ ಯಾವ ದರಕ್ಕೆ ಅಂಟಿಕೊಂಡಿದೆ? ರೆಪೊಗೋ, ಟ್ರೆಶರಿ ಬಿಲ್ಲಿಗೋ, ಬ್ಯಾಂಕಿನ ಎಂಸಿಎಲ್‌ಆರ್‌ಗೋ? ಬಡ್ಡಿ ಯಾವ ದಿನ ಬದಲಾಗುತ್ತದೆ, ಅಸಲಿನ ಕಂತು ಹೇಗೆ ಇಳಿಯುತ್ತದೆ ಎಂಬುದನ್ನೂ ಬರೆದುಕೊಳ್ಳಿ. ಸ್ವಾಪಿನ ಮೊತ್ತ ಸಾಲದ ಬಾಕಿಯ ಜೊತೆಗೇ ಇಳಿಯಬೇಕು. ಸಾಲ ₹12 ಕೋಟಿಗೆ ಬಂದ ಮೇಲೂ ಸ್ವಾಪ್ ₹20 ಕೋಟಿಯಲ್ಲೇ ನಿಂತರೆ, ಉಳಿದ ₹8 ಕೋಟಿಯ ಮಟ್ಟಿಗೆ ಅದು ರಕ್ಷಣೆಯಲ್ಲ, ಬರೀ ಸಟ್ಟಾ.

ಹಂತ 2: ಒಟ್ಟು ಬಡ್ಡಿಯ ಲೆಕ್ಕ ಹಾಕಿ

ರೂಪಾಯಿ ಸ್ವಾಪ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮಿಬಾರ್, ಅಂದರೆ ಬ್ಯಾಂಕುಗಳ ನಡುವಿನ ಒಂದು ರಾತ್ರಿಯ ಸಾಲದ ದರ. ಬ್ಯಾಂಕ್ ಶೇ 6 ಸ್ಥಿರ ದರ ಹೇಳಿದೆ ಎಂದಿಟ್ಟುಕೊಳ್ಳಿ. ರೆಪೊ ಶೇ 5.5, ಮಿಬಾರ್ ಶೇ 5.4 ಇದ್ದರೆ ಸಾಲದ ಬಡ್ಡಿ ಶೇ 8.5. ಸ್ವಾಪ್‌ನಲ್ಲಿ ನೀವು 6 ಕೊಟ್ಟು 5.4 ಪಡೆಯುತ್ತೀರಿ. ಒಟ್ಟು ಶೇ 9.1. ರೆಪೊ 6.5ಕ್ಕೆ, ಮಿಬಾರ್ 6.4ಕ್ಕೆ ಏರಿದರೆ ಸಾಲಕ್ಕೆ 9.5 ಕಟ್ಟಿ, ಸ್ವಾಪ್‌ನಿಂದ 0.4 ಪಡೆಯುತ್ತೀರಿ. ಆಗಲೂ ಶೇ 9.1.

ಹಂತ 3: ಎರಡು ದರಗಳ ನಡುವಿನ ಬಿರುಕು ಗಮನಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಮೇಲಿನ ಲೆಕ್ಕ ಸರಿಬಂದದ್ದು ರೆಪೊ ಮತ್ತು ಮಿಬಾರ್ ಒಟ್ಟಿಗೇ ನಡೆದದ್ದರಿಂದ. ಅವು ಸದಾ ಹಾಗೆ ನಡೆಯುವುದಿಲ್ಲ. ಕೋವಿಡ್ ಕಾಲದಲ್ಲಿ ರೆಪೊ ಶೇ 4 ಇತ್ತು. ಆದರೆ ಬ್ಯಾಂಕುಗಳ ಕೈಯಲ್ಲಿ ಹಣ ತುಂಬಿ ತುಳುಕುತ್ತಿದ್ದರಿಂದ ಒಂದು ರಾತ್ರಿಯ ದರ ಶೇ 3.35ರ ರಿವರ್ಸ್ ರೆಪೊ ಹತ್ತಿರಕ್ಕೆ ಕುಸಿದಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಕಂಪನಿ ಸಾಲಕ್ಕೆ ಶೇ 7, ಸ್ವಾಪ್‌ಗೆ ಸುಮಾರು ಶೇ 2.6 ಕಟ್ಟಬೇಕಾಗುತ್ತದೆ. ಒಟ್ಟು 9.6. ಸ್ಥಿರ ಎಂದುಕೊಂಡಿದ್ದ ಬಡ್ಡಿ ಅರ್ಧ ಪರ್ಸೆಂಟ್ ಏರಿತು, ಅಂದರೆ ವರ್ಷಕ್ಕೆ ₹10 ಲಕ್ಷ. ಇದನ್ನೇ ಬೇಸಿಸ್ ರಿಸ್ಕ್ ಎನ್ನುತ್ತಾರೆ. ಬಜೆಟ್‌ನಲ್ಲಿ ಇದಕ್ಕೂ ಜಾಗ ಇಡಿ.

ಹಂತ 4: ಹೊರಬರುವ ಬೆಲೆ ಮೊದಲೇ ಕೇಳಿ

ಎರಡು ಮೂರು ಬ್ಯಾಂಕುಗಳಿಂದ ಒಂದೇ ದಿನ, ಒಂದೇ ಹೊತ್ತಿಗೆ ದರ ಪಡೆದು ಹೋಲಿಸಿ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಸಾಲವನ್ನು ಅವಧಿಗೆ ಮುನ್ನವೇ ತೀರಿಸಿದರೆ ಸ್ವಾಪ್ ಏನಾಗುತ್ತದೆ? ಅದು ತಾನಾಗಿ ಮುಗಿಯುವುದಿಲ್ಲ. ಮೂರು ವರ್ಷ ಬಾಕಿ ಇರುವಾಗ ಮಾರುಕಟ್ಟೆಯ ಸ್ವಾಪ್ ದರ ಶೇ 5ಕ್ಕೆ ಇಳಿದಿದ್ದರೆ, ₹20 ಕೋಟಿಯ ಮೇಲೆ ವರ್ಷಕ್ಕೆ ಶೇ 1ರಂತೆ ₹60 ಲಕ್ಷಕ್ಕಿಂತ ತುಸು ಕಡಿಮೆ ಹಣ ಕೊಟ್ಟೇ ಹೊರಬರಬೇಕು.

ಹಂತ 5: ಕಾಗದಪತ್ರ ಪೂರ್ತಿ ಓದಿ

ಇಸ್ಡಾ ಕರಾರು, ಅದರ ಶೆಡ್ಯೂಲ್, ಪ್ರತಿ ವ್ಯವಹಾರದ ದೃಢೀಕರಣ ಪತ್ರ, ನಿರ್ದೇಶಕ ಮಂಡಳಿಯ ನಿರ್ಣಯ ಇವೆಲ್ಲ ಬೇಕು. ಸಹಿ ಬಿದ್ದ ಮೇಲೆ ‘ಇದು ಜೂಜು’ ಎಂದರೆ ನ್ಯಾಯಾಲಯ ಸುಲಭಕ್ಕೆ ಒಪ್ಪುವುದಿಲ್ಲ. ರಾಜಶ್ರೀ ಶುಗರ್ಸ್ ಮತ್ತು ಆಕ್ಸಿಸ್ ಬ್ಯಾಂಕ್ ನಡುವಿನ ವಿದೇಶಿ ಕರೆನ್ಸಿ ಡಿರೈವೇಟಿವ್ ವ್ಯಾಜ್ಯದಲ್ಲಿ ಮದ್ರಾಸ್ ಹೈಕೋರ್ಟ್ 2008ರಲ್ಲಿ ಆ ವಾದವನ್ನು ತಳ್ಳಿಹಾಕಿತು.

ಹಂತ 6: ಪ್ರತಿ ಪಾವತಿಯನ್ನೂ ತಾಳೆ ನೋಡಿ

ಒಂದು ವರ್ಷ ಮೀರಿದ ಮಿಬಾರ್ ಸ್ವಾಪ್‌ಗಳ ಲೆಕ್ಕ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ನಡೆಯುತ್ತದೆ. ಹಂತ 2ರ ಮೊದಲ ಲೆಕ್ಕದಲ್ಲಿ ನೀವು ಕೊಡಬೇಕಾದ್ದು ಸುಮಾರು ₹60 ಲಕ್ಷ, ಪಡೆಯಬೇಕಾದ್ದು ₹54 ಲಕ್ಷ, ಪಾವತಿ ₹6 ಲಕ್ಷ. ಬ್ಯಾಂಕ್ ಕಳಿಸಿದ ಅಂಕಿಯನ್ನು ದಿನಗಳನ್ನು ಎಣಿಸಿ ನೀವೇ ಪರಿಶೀಲಿಸಿ.

ಸಹಿಗೆ ಮುನ್ನ ಒಂದು ಕೊನೆಯ ಹೋಲಿಕೆ: ಸ್ಥಿರ ಬಡ್ಡಿಯ ಸಾಲವೇ ಶೇ 9.1ರ ಆಸುಪಾಸಿನಲ್ಲಿ ಸಿಗುವುದಾದರೆ ಅದನ್ನೇ ಆರಿಸಿ. ಬೇಸಿಸ್ ರಿಸ್ಕ್ ಇಲ್ಲದ ಸಾಲ ಅದು. ಸಿಗದಿದ್ದರೆ ಮಾತ್ರ ಸ್ವಾಪ್ ಮಾಡಿಕೊಳ್ಳಿ, ಅದೂ ಸಾಲದ ಬಾಕಿಗಿಂತ ಒಂದು ರೂಪಾಯಿಯೂ ಹೆಚ್ಚಾಗದಂತೆ.