ಸರಕು ಸಾಗಣೆ ಕಚೇರಿಯಲ್ಲಿ ವಿಳಂಬ ನಿವಾರಣೆ: ಐದು ಹಂತಗಳ ಒಂದು ಅಧ್ಯಯನ

1986ರಲ್ಲಿ ಮೊಟೊರೋಲಾ ಸಂಸ್ಥೆಯಲ್ಲಿ ಬಿಲ್ ಸ್ಮಿತ್ ಅವರು ರೂಪಿಸಿದ ಸಿಕ್ಸ್ ಸಿಗ್ಮಾ ಪದ್ಧತಿಯಿಂದ ಬೆಳೆದುಬಂದ ಕ್ರಮವೇ ‘ಡಿಮೇಯಿಕ್’. ನಿರೂಪಣೆ, ಮಾಪನ, ವಿಶ್ಲೇಷಣೆ, ಸುಧಾರಣೆ ಮತ್ತು ನಿಯಂತ್ರಣ ಎಂಬುವು ಇದರ ಐದು ಹಂತಗಳು. ಇದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಮೀಸಲಲ್ಲ. ಹುಣಸೂರಿನಲ್ಲಿದ್ದುಕೊಂಡು ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಗಳಿಂದ ದೂರವಾಣಿಯಲ್ಲಿ ಬುಕಿಂಗ್ ಪಡೆಯುವ ಒಂದು ಲಾರಿ ಸಾಗಣೆ ಕಚೇರಿಯನ್ನು ಉದಾಹರಣೆಯಾಗಿ ಪರಿಶೀಲಿಸೋಣ. ಇಲ್ಲಿನ ಕಚೇರಿಯೂ ಅಂಕಿಗಳೂ ವಿವರಣೆಗಾಗಿ ಕಲ್ಪಿಸಿಕೊಂಡವು.

ನಿರೂಪಣೆ

‘ಕೆಲಸ ತಡವಾಗುತ್ತಿದೆ’ ಎಂಬುದು ದೂರು; ಅದು ಸಮಸ್ಯೆಯ ನಿರೂಪಣೆಯಲ್ಲ. ಗಡಿಯಾರ ಎಲ್ಲಿ ಆರಂಭವಾಗಿ ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲು ನಿಗದಿಪಡಿಸಬೇಕು. ಗ್ರಾಹಕರ ಕರೆ ಬಂದ ಕ್ಷಣದಿಂದ ಚಾಲಕನ ಕೈಗೆ ಲಾರಿ ರಸೀದಿ ಮತ್ತು ಇ-ವೇ ಬಿಲ್ ಸೇರುವವರೆಗಿನ ಅವಧಿಯನ್ನು ಇಲ್ಲಿ ಅಳೆಯಲಾಗುತ್ತದೆ. ಇದು 120 ನಿಮಿಷಗಳನ್ನು ಮೀರಬಾರದೆಂಬುದು ಗ್ರಾಹಕರ ಅಪೇಕ್ಷೆ. ಇ-ವೇ ಬಿಲ್ ಅಗತ್ಯವಿಲ್ಲದ, ತೆರಿಗೆ ವಿನಾಯಿತಿಯುಳ್ಳ ಸರಕಿನ ಬುಕಿಂಗ್‌ಗಳನ್ನು ಈ ಲೆಕ್ಕದಿಂದ ಹೊರಗಿಡಬೇಕು. ಅವು ಬೆರೆತರೆ ಸರಾಸರಿ ಸುಳ್ಳು ಹೇಳುತ್ತದೆ.

ಮಾಪನ

ಪ್ರತಿ ಬುಕಿಂಗ್‌ಗೆ ಒಂದು ಚೀಟಿ ಇರಿಸಿ, ಕರೆ ಬಂದ, ವಿವರ ಪೂರ್ಣಗೊಂಡ, ಲಾರಿ ಗೊತ್ತಾದ ಮತ್ತು ಕಾಗದಪತ್ರ ಹಸ್ತಾಂತರವಾದ ನಾಲ್ಕು ಸಮಯಗಳನ್ನು ಬರೆಯಲಾಯಿತು. ಮೊದಲ ದಿನವೇ ಒಂದು ದೋಷ ಕಂಡಿತು. ಒಬ್ಬ ಗುಮಾಸ್ತರು ಕರೆ ಬಂದ ಹೊತ್ತನ್ನು ಬರೆದರೆ, ಇನ್ನೊಬ್ಬರು ಪುಸ್ತಕದಲ್ಲಿ ದಾಖಲಿಸಿದ ಹೊತ್ತನ್ನು ಬರೆಯುತ್ತಿದ್ದರು. ಇಂತಹ ವ್ಯತ್ಯಾಸವನ್ನು ಸರಿಪಡಿಸದೆ ಸಂಗ್ರಹಿಸಿದ ಅಂಕಿಗಳು ನಿರುಪಯುಕ್ತ.

ತರುವಾಯ ಎರಡು ವಾರಗಳಲ್ಲಿ ದೊರೆತ 60 ಬುಕಿಂಗ್‌ಗಳ ಸರಾಸರಿ 190 ನಿಮಿಷ. ಇದರಲ್ಲಿ ವಿವರ ಪೂರ್ಣಗೊಳ್ಳಲು 95, ಲಾರಿ ಗೊತ್ತಾಗಲು 60 ಹಾಗೂ ಕಾಗದಪತ್ರಕ್ಕೆ 35 ನಿಮಿಷಗಳು ಸಂದಿದ್ದವು. ಅರ್ಧದಷ್ಟು ಕಾಲ ಮೊದಲ ಹಂತದಲ್ಲೇ ಕಳೆದಿತ್ತು.

ವಿಶ್ಲೇಷಣೆ

ಎಚ್.ಡಿ. ಕೋಟೆಯ ಬುಕಿಂಗ್‌ಗಳೇ ತಡವೆಂಬುದು ಕಚೇರಿಯವರ ನಂಬಿಕೆಯಾಗಿತ್ತು. ತಾಲ್ಲೂಕುವಾರು ವಿಂಗಡಿಸಿದಾಗ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಆದರೆ ಮೊದಲ ಕರೆಯಲ್ಲೇ ವಿವರ ಪೂರ್ಣವಾಗಿದ್ದ 36 ಬುಕಿಂಗ್‌ಗಳ ಸರಾಸರಿ 130 ನಿಮಿಷವಿದ್ದರೆ, ಅಪೂರ್ಣವಾಗಿದ್ದ 24ರ ಸರಾಸರಿ 280 ನಿಮಿಷವಿತ್ತು. ಪಡೆಯುವವರ ಜಿ.ಎಸ್.ಟಿ. ಸಂಖ್ಯೆ, ತಲುಪಿಸುವ ಸ್ಥಳದ ಪಿನ್‌ಕೋಡ್ ಅಥವಾ ಸರಕುಪಟ್ಟಿಯ ಸಂಖ್ಯೆ ಇವುಗಳಲ್ಲಿ ಯಾವುದಾದರೊಂದು ಬಿಟ್ಟುಹೋಗಿರುತ್ತಿತ್ತು.

ಕೊರತೆಗಿಂತಲೂ ಅದು ತಡವಾಗಿ ಗೋಚರಿಸುತ್ತಿದ್ದುದೇ ಮೂಲಕಾರಣ. ಚೀಟಿಗಳನ್ನು ಕೂಡಿಹಾಕಿ, ದಿನಕ್ಕೆ ಎರಡೇ ಬಾರಿ ಇ-ವೇ ಬಿಲ್ಲಿನ ‘ಎ’ ಭಾಗವನ್ನು ತುಂಬುವ ರೂಢಿ ಅಲ್ಲಿತ್ತು. ಹನ್ನೊಂದಕ್ಕೆ ಬಂದ ಕರೆಯ ಕೊರತೆ ಮೂರು ಗಂಟೆಗೆ ತಿಳಿಯುತ್ತಿತ್ತು. ಆ ಹೊತ್ತಿಗೆ ಗ್ರಾಹಕರು ದೂರವಾಣಿಗೆ ಸಿಗುತ್ತಿರಲಿಲ್ಲ.

ಸುಧಾರಣೆ

ಎರಡು ಬದಲಾವಣೆಗಳು ಸಾಕಾದವು. ಒಂದು, ದೂರವಾಣಿಯ ಪಕ್ಕದಲ್ಲೇ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಇರಿಸುವುದು. ಎರಡು, ಕರೆ ಮುಗಿದೊಡನೆ ‘ಎ’ ಭಾಗವನ್ನು ತುಂಬುವುದು. ಲಾರಿ ಗೊತ್ತಾಗುವ ಮೊದಲೇ ತುಂಬಿದರೆ ಬಿಲ್ಲಿನ ಅವಧಿ ವ್ಯರ್ಥವಾದೀತೆಂಬ ಆತಂಕಕ್ಕೆ ಕಾರಣವಿಲ್ಲ. ‘ಎ’ ಭಾಗ ತುಂಬಿದಾಗ ದೊರೆಯುವ ಸಂಖ್ಯೆಯು 15 ದಿನಗಳವರೆಗೆ ಊರ್ಜಿತವಾಗಿರುತ್ತದೆ. ಬಿಲ್ಲಿನ ಅವಧಿ ಎಣಿಕೆಯಾಗುವುದು ‘ಬಿ’ ಭಾಗದಲ್ಲಿ ವಾಹನದ ವಿವರ ಮೊದಲ ಸಲ ದಾಖಲಾದಂದಿನಿಂದ.

ಇದನ್ನು ಮೊದಲು ಪಿರಿಯಾಪಟ್ಟಣದ ಬುಕಿಂಗ್‌ಗಳಿಗೆ ಮಾತ್ರ ಅನ್ವಯಿಸಲಾಯಿತು. ಅದೇ ತಾಲ್ಲೂಕಿನ ಹಿಂದಿನ ಸರಾಸರಿ 185 ನಿಮಿಷ. ಎರಡು ವಾರಗಳ ನಂತರ ಅದು 115ಕ್ಕೆ ಇಳಿಯಿತು. ಉಳಿದ ತಾಲ್ಲೂಕುಗಳಲ್ಲಿ ಅದೇ ಅವಧಿಯಲ್ಲಿ ಬದಲಾವಣೆ ಕಾಣದಿದ್ದುದರಿಂದ, ಇಳಿಕೆಗೆ ಹೊಸ ಕ್ರಮವೇ ಕಾರಣವೆಂದು ಹೇಳಲು ಸಾಧ್ಯವಾಯಿತು. ಆನಂತರವಷ್ಟೇ ಇತರೆಡೆಗೆ ವಿಸ್ತರಿಸಲಾಯಿತು.

ನಿಯಂತ್ರಣ

ಹಳೆಯ ರೂಢಿ ಸದ್ದಿಲ್ಲದೆ ಮರಳುತ್ತದೆ. ಆದುದರಿಂದ ದಿನದ ಸರಾಸರಿಯನ್ನು ಗೋಡೆಯ ನಕ್ಷೆಯಲ್ಲಿ ಒಂದೊಂದು ಚುಕ್ಕೆಯಾಗಿ ಗುರುತಿಸಬೇಕು. ಮಧ್ಯರೇಖೆಯ ಮೇಲೆ ಒಂದು ಚುಕ್ಕೆ ಬಂದರೆ ಗಾಬರಿ ಬೇಡ. ಸತತವಾಗಿ ಎಂಟು ಬಂದರೆ ಕಾರಣ ಹುಡುಕಲೇಬೇಕು.

ಒಂದು ಮಿತಿಯನ್ನು ಗಮನಿಸಬೇಕು. ಈ ಭಾಗದಲ್ಲಿ ತಂಬಾಕು ಹರಾಜು ನಡೆಯುವ ತಿಂಗಳುಗಳಲ್ಲಿ ಲಾರಿಗಳಿಗೆ ಬೇಡಿಕೆ ಏರುತ್ತದೆ. ಹರಾಜಿಲ್ಲದ ತಿಂಗಳ ಅಂಕಿಯನ್ನು ಹರಾಜಿನ ತಿಂಗಳ ಅಂಕಿಯೊಡನೆ ಹೋಲಿಸಿದರೆ ಇಲ್ಲದ ಲಾಭ ಅಥವಾ ಇಲ್ಲದ ನಷ್ಟ ಕಂಡೀತು. ಲಾರಿಗಾಗಿ ಕಾಯುವ 60 ನಿಮಿಷಗಳನ್ನು ಮೇಲಿನ ಪ್ರಶ್ನಾಪಟ್ಟಿ ಕಡಿಮೆ ಮಾಡಲಾರದು. ಅದಕ್ಕೆ ಪ್ರತ್ಯೇಕ ನಿರೂಪಣೆ ಮತ್ತು ಪ್ರತ್ಯೇಕ ಮಾಪನಗಳು ಅವಶ್ಯ.