ಸಭೆಗೆ ತಕ್ಕ ನಾಲ್ಕು ಸಾಲು

ನೋಡವ್ವ, ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಭೆಗೆಂದು ನೀನು ಬರೆದ ಪರಿಚಯ ಓದಿದೆ. ಪುಟ ತುಂಬಿಸಿದ್ದೀ. ಶಾಲೆಯ ಭಾಷಣ ಸ್ಪರ್ಧೆಯ ಬಹುಮಾನವೂ ಅದರಲ್ಲಿದೆ! ಇದ್ದದ್ದೆಲ್ಲ ಒಮ್ಮೆಗೇ ಹೇಳಿಬಿಡುವ ಅವಸರ ನಿನಗೆ ಮೊದಲಿನಿಂದಲೂ ಇದೆ. ಆದರೆ ಅದನ್ನು ಓದುವವಳು ನೀನಲ್ಲ. ನಿನ್ನನ್ನು ಎಂದೂ ಕಾಣದ ನಿರೂಪಕಿಯೊಬ್ಬಳು ಮೈಕಿನ ಮುಂದೆ ನಿಂತು ಓದುತ್ತಾಳೆ. ಅದಕ್ಕೇ ಅದರಲ್ಲಿ ‘ನಾನು’ ಬರಬಾರದು, ‘ಇವರು’ ಬರಬೇಕು. ನನ್ನನ್ನು ನಾನೇ ‘ಇವರು’ ಅನ್ನುವುದು ಹ್ಯಾಂಗ ಅಂತ ಸಂಕೋಚಪಡಬೇಡ. ಆ ಗೌರವ ಅವಳ ಬಾಯಿಂದ ಬರುವಂಥದ್ದು. ನೀನು ನೋಡಿಕೊಳ್ಳಬೇಕಾದದ್ದು ಇಷ್ಟೇ: ಒಂದು ಸಾಲಿನಲ್ಲಿ ‘ದಾಖಲಿಸುತ್ತಾರೆ’ ಎಂದು ಬರೆದು, ಮುಂದಿನ ಸಾಲಿನಲ್ಲಿ ‘ಪಡೆದಿದ್ದೇನೆ’ ಎಂದು ಜಾರಿದ್ದೀ. ಓದುವಾಗ ಅವಳು ಅಲ್ಲೇ ಎಡವುತ್ತಾಳೆ.

ಅಳತೆಯೂ ಅವಳ ಉಸಿರಿಗೆ ತಕ್ಕಂತಿರಲಿ. ಸಂಘಟಕರು ಇಷ್ಟೇ ಪದ ಎಂದು ಹೇಳಿದ್ದರೆ ಅಷ್ಟೇ. ಹೇಳದಿದ್ದರೆ ಸುಮಾರು ಐವತ್ತು ಪದ ಸಾಕು, ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಗಡಿಯಾರ ಎದುರಿಗಿಟ್ಟುಕೊಂಡು ಗಟ್ಟಿಯಾಗಿ ಓದಿ ನೋಡು. ಒಂದೇ ಉಸಿರಿನಲ್ಲಿ ಮುಗಿಯದ ವಾಕ್ಯವನ್ನು ಎರಡು ಮಾಡು.

ಸಂತೆಯಲ್ಲಿ ಕುರಿ ಕೊಳ್ಳುವವನು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಆಮೇಲೆ ಬೆನ್ನು ಮುಟ್ಟುತ್ತಾನೆ. ಅದರ ಅಜ್ಜನ ಕಥೆ ಅವನಿಗೆ ಬೇಡ. ಬೀದರದ ಸಭೆಯೂ ಹಾಗೇ. ಅಲ್ಲಿ ಕೂತವರಲ್ಲಿ ಬಹಳ ಮಂದಿ ಪಶುವೈದ್ಯರೇ, ನಿನ್ನ ಪದವಿ ಅವರಿಗೆ ಹೊಸತಲ್ಲ. ಈ ವಿಷಯ ಹೇಳಲು ನಿನ್ನ ಕೈಯಲ್ಲಿ ಏನಿದೆ ಎಂದು ಅವರು ಕೇಳುತ್ತಾರೆ. ನಿನ್ನ ಕೈಯಲ್ಲಿರುವುದು ಮಾಡಗ್ಯಾಳ ಕುರಿಮರಿಗಳ ತೂಕದ ವಹಿ. ಅದನ್ನೇ ಮುಂದಿಡು:

“ಇವರು ಪಶುವೈದ್ಯೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕಿನ ತಿಕೋಂಡಿಯವರು. 2021ರಿಂದ ಎಂಟು ಹಿಂಡುಗಳಲ್ಲಿ ಮಾಡಗ್ಯಾಳ ಮರಿಗಳ ತೂಕವನ್ನು ಹುಟ್ಟಿದ ದಿನದಿಂದ ಮೂರು ತಿಂಗಳವರೆಗೆ ದಾಖಲಿಸುತ್ತಿದ್ದಾರೆ. ಮೇವು ಕಡಿಮೆಯಾಗುವ ತಿಂಗಳುಗಳಲ್ಲಿ ಮರಿಗಳ ಬೆಳವಣಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಇಂದು ವಿವರಿಸುತ್ತಾರೆ.”

ನೀನು ಬರೆದಿದ್ದ ‘ಖ್ಯಾತ’, ‘ಪ್ರತಿಭಾವಂತ’ ಎರಡನ್ನೂ ತೆಗೆದೆ. ಯಾವ ಪಶುವೈದ್ಯರಿಗಾದರೂ ಅವು ಒಗ್ಗುತ್ತವೆ. ತೂಕದ ಮಾತು ಮಾತ್ರ ನಿನ್ನದು. ಇನ್ನೊಂದು ನೋಡು. ‘ಕಳೆದ ಮೂರು ವರ್ಷಗಳಿಂದ’ ಎಂದು ಬರೆದಿದ್ದೀ. ಮುಂದಿನ ವರ್ಷ ಯಾರಾದರೂ ಇದನ್ನೇ ಎತ್ತಿಕೊಂಡು ಅಚ್ಚು ಹಾಕಿದರೆ ಲೆಕ್ಕ ತಪ್ಪುತ್ತದೆ. ಇಸವಿ ಹಾಕಿದರೆ ಆ ತೊಂದರೆ ಇಲ್ಲ. ರಾಜ್ಯದ ಹೆಸರನ್ನೂ ಬಿಡಬೇಡ. ಕನ್ನಡದ ಹೆಸರು, ಕನ್ನಡದ ಮಾತು ಕೇಳಿ ಬೀದರದವರು ನಮ್ಮೂರನ್ನು ವಿಜಯಪುರ ಜಿಲ್ಲೆಗೆ ಸೇರಿಸಿಬಿಟ್ಟಾರು. ನೀನು ತೂಗಿದ್ದು ಯಾವ ಸೀಮೆಯ ಹಿಂಡು ಎಂಬುದು ಅವರಿಗೆ ಸರಿಯಾಗಿ ಗೊತ್ತಾಗಬೇಕು.

ಮುಂದಿನ ತಿಂಗಳು ಜತ್ತದಲ್ಲಿ ಕುರಿಗಾರರ ಸಭೆ ಇದೆಯಲ್ಲ, ಅಲ್ಲಿಗೆ ಇದನ್ನೇ ಕಳಿಸಿಬಿಡುತ್ತೀ ಎಂದು ನನಗೆ ಗೊತ್ತು. ಕಳಿಸಬೇಡ. ಅವರಿಗೆ ಜಿಲ್ಲೆ, ತಾಲೂಕು ಹೇಳಬೇಕಿಲ್ಲ. ಮಾಡಗ್ಯಾಳ ಕುರಿಯನ್ನು ಅದರ ಗಿಣಿಮೂಗು ನೋಡಿಯೇ ಗುರುತಿಸುವ ಮಂದಿ ಅವರು, ತಳಿಯ ಹೆಸರನ್ನೂ ಕಲಿಸಬೇಕಿಲ್ಲ. ನಮ್ಮ ಹಟ್ಟಿಗೆ ಇವಳಿಂದ ಏನು ಉಪಯೋಗ ಎಂಬುದು ಅವರ ಪ್ರಶ್ನೆ:

“ಇವರು ತಿಕೋಂಡಿಯವರು, ಕುರಿ ಡಾಕ್ಟರು. 2021ರಿಂದ ನಮ್ಮ ಹಟ್ಟಿಗಳಿಗೆ ಬಂದು ಮರಿಗಳನ್ನು ತೂಗುತ್ತಿದ್ದಾರೆ. ಬ್ಯಾಸಿಗೆಯಲ್ಲಿ ಸೊರಗುವ ಮರಿಯನ್ನು ಮೊದಲೇ ಹೇಗೆ ಗುರುತಿಸಬೇಕು ಎಂದು ಹೇಳುತ್ತಾರೆ. ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಪ್ರಶ್ನೆ ಕೇಳಬಹುದು.”

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡು. ಊರು ಅದೇ, ಇಸವಿ ಅದೇ, ಕೆಲಸ ಅದೇ. ಯಾವುದು ಮುಂದೆ ಬರಬೇಕು, ಯಾವುದನ್ನು ಬಿಡಬೇಕು, ಯಾವ ಮಾತಿನಲ್ಲಿ ಹೇಳಬೇಕು, ಇಷ್ಟೇ ಬದಲಾದದ್ದು. ಸಭೆ ದೊಡ್ಡದೆಂದು ಎಂಟು ಹಿಂಡು ಹತ್ತಾಗಬಾರದು. ಅಲ್ಲಿ ನಿನ್ನ ವಹಿ ತೋರಿಸು ಅನ್ನುವವರು ಕೂತಿರುತ್ತಾರೆ, ಇಲ್ಲಿ ಹಟ್ಟಿಯ ಯಜಮಾನರೇ ಕೂತಿರುತ್ತಾರೆ.

ಗಡಿನಾಡ ಕನ್ನಡ ಶಿಕ್ಷಕರು ಕರೆದರೆ ಮಾತ್ರ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತದ್ದನ್ನು ಮೊದಲ ಸಾಲಿಗೆ ತಾ. ಅಲ್ಲಿ ಅದಕ್ಕೆ ಬೆಲೆ ಇದೆ, ಬೀದರದಲ್ಲಿ ಅದಕ್ಕೆ ಜಾಗವಿಲ್ಲ.

ಕಳಿಸುವಾಗ ಯೂನಿಕೋಡ್‌ನಲ್ಲೇ ಕಳಿಸು. ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚು ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಆಗ ಅವಸರದಲ್ಲಿ ಯಾರೋ ತಮಗೆ ತೋಚಿದ್ದನ್ನು ಬರೆದುಕೊಳ್ಳುತ್ತಾರೆ. ಪಿಡಿಎಫ್ ಪ್ರತಿಯೂ ಜೊತೆಗಿರಲಿ, ಅಕ್ಷರ ಸರಿ ಬಂದಿದೆಯೋ ಇಲ್ಲವೋ ಹೋಲಿಸಿ ನೋಡಲು ಆಗುತ್ತದೆ. ಮುದ್ರಿಸಿದ್ದೊಂದು ಚೀಲದಲ್ಲಿಟ್ಟುಕೋ. ಸಭೆ ಶುರುವಾಗುವ ಮುಂಚೆ ನಿರೂಪಕಿಯನ್ನು ಹುಡುಕಿ, ನಿನ್ನ ಹೆಸರನ್ನೂ ಊರಿನ ಹೆಸರನ್ನೂ ಒಮ್ಮೆ ಅವಳ ಬಾಯಿಂದಲೇ ಹೇಳಿಸು. ತಿಕೋಂಡಿಯಲ್ಲಿ ‘ಕೋ’ ದೀರ್ಘ ಎಂದು ಹೇಳಿಕೊಡು.